ನಿವೇಶನದ ಗುತ್ತಿಗೆ ಪತ್ರ

2025ನೇ ಇಸವಿ ಡಿಸೆಂಬರ್ ತಿಂಗಳ 15ನೇ ತಾರೀಖು, ಕಲಬುರಗಿ ನಗರದ ಬ್ರಹ್ಮಪುರ ನಿವಾಸಿ ಅಬ್ದುಲ್ ರಹೀಮ್ ತಂದೆ ಮಹಮ್ಮದ್ ಇಸ್ಮಾಯಿಲ್, ವಯಸ್ಸು 38, ಉದ್ಯೋಗ ತೊಗರಿ ವ್ಯಾಪಾರ, ಇವರಿಗೆ ಅದೇ ನಗರದ ನಿವಾಸಿ ಮಹಾದೇವಿ ಗಂಡ ದಿವಂಗತ ಶಿವಶರಣಪ್ಪ, ವಯಸ್ಸು 61, ಉದ್ಯೋಗ ಮನೆಗೆಲಸ, ಆದ ನಾನು ರಾಜಿಖುಷಿಯಿಂದ ಬರೆದುಕೊಟ್ಟ ಗುತ್ತಿಗೆ ಪತ್ರವೇನೆಂದರೆ:

ಕೆಳಗಿನ ಷೆಡ್ಯೂಲಿನಲ್ಲಿ ಕಾಣಿಸಿದ ಖಾಲಿ ನಿವೇಶನವು ನನ್ನ ಪತಿಯ ಸ್ವಯಾರ್ಜಿತ ಆಸ್ತಿ. ಅವರು ತೀರಿಕೊಂಡ ಮೇಲೆ ವಾರಸಾ ಹಕ್ಕಿನಿಂದ ನನಗೆ ಬಂದಿದ್ದು, ಮಹಾನಗರ ಪಾಲಿಕೆಯ ಖಾತೆ ನನ್ನ ಹೆಸರಿನಲ್ಲಿದೆ. ಇದರ ಮೇಲೆ ಸಾಲ, ಅಡಮಾನ, ಕೋರ್ಟ್ ತಕರಾರು ಯಾವುದೂ ಇಲ್ಲ. ಜಾಗವನ್ನು ಮಾರುವ ಮನಸ್ಸು ನನಗಿಲ್ಲ. ಕಟ್ಟಿಸುವ ಶಕ್ತಿಯೂ ಇಲ್ಲ. ತೊಗರಿ ದಾಸ್ತಾನಿಗೆ ಗೋದಾಮು ಕಟ್ಟಿಸಿಕೊಳ್ಳುವುದಾಗಿ ನೀವು ಕೇಳಿದ್ದರಿಂದ ನೆಲವನ್ನು ಮಾತ್ರ ಗುತ್ತಿಗೆಗೆ ಕೊಟ್ಟಿದ್ದೇನೆ.

1. ಗುತ್ತಿಗೆಯ ಅವಧಿ 25 ವರ್ಷ. 2026ರ ಜನವರಿ 1ರಿಂದ 2050ರ ಡಿಸೆಂಬರ್ 31ರವರೆಗೆ. ನವೀಕರಣದ ಹಕ್ಕು ಇಲ್ಲ. ಇಬ್ಬರಿಗೂ ಬೇಕೆನಿಸಿದರೆ ಆಗ ಹೊಸ ಪತ್ರ ಬರೆದು ನೋಂದಾಯಿಸತಕ್ಕದ್ದು.

2. ನೆಲಬಾಡಿಗೆ ತಿಂಗಳಿಗೆ 18,000 ರೂಪಾಯಿ. ಆಯಾ ತಿಂಗಳ 10ನೇ ತಾರೀಖಿನೊಳಗೆ ನನ್ನ ಬ್ಯಾಂಕ್ ಖಾತೆಗೆ ಜಮಾ ಮಾಡತಕ್ಕದ್ದು. ಕಟ್ಟಡ ಏಳುವ ಮೊದಲ ಎಂಟು ತಿಂಗಳು, ಅಂದರೆ 2026ರ ಆಗಸ್ಟ್ ಕೊನೆಯವರೆಗೆ, ಅರ್ಧ ಬಾಡಿಗೆ 9,000 ರೂಪಾಯಿ ಸಾಕು. ಪ್ರತಿ ಮೂರು ವರ್ಷಕ್ಕೊಮ್ಮೆ ಆಗಿನ ಬಾಡಿಗೆಯ ಮೇಲೆ ಶೇ. 12ರಷ್ಟು ಹೆಚ್ಚಳ. ಠೇವಣಿ 3,00,000 ರೂಪಾಯಿಯನ್ನು ಇಂದು ಚೆಕ್ ಮೂಲಕ ಪಡೆದಿದ್ದೇನೆ. ಇದಕ್ಕೆ ಬಡ್ಡಿ ಇಲ್ಲ, ಜಾಗ ಬಿಟ್ಟುಕೊಟ್ಟ ದಿನ ಬಾಕಿ ಇದ್ದಲ್ಲಿ ಕಳೆದು ಹಿಂದಿರುಗಿಸುತ್ತೇನೆ.

3. ನೀವು ಕಟ್ಟಿಸತಕ್ಕದ್ದು 3,200 ಚದರ ಅಡಿಯ ಒಂದೇ ಅಂತಸ್ತಿನ ಗೋದಾಮು, ಅದಕ್ಕೆ ಹೊಂದಿದ ಒಂದು ಕಚೇರಿ ಕೋಣೆ ಮತ್ತು ವೇ ಬ್ರಿಡ್ಜ್. ಪಾಲಿಕೆಯ ಪರವಾನಗಿ ಕೈಗೆ ಬರುವ ಮುಂಚೆ ಪಾಯ ತೋಡಕೂಡದು. ಅರ್ಜಿಗೆ ಮಾಲೀಕರ ಸಹಿ ಬೇಕಾದಾಗ ನಾನು ತಡಮಾಡದೆ ಹಾಕುತ್ತೇನೆ. ವಾಯವ್ಯ ಮೂಲೆಯ ಬೇವಿನ ಮರವನ್ನು ಕಡಿಯುವಂತಿಲ್ಲ. ಲಾರಿ ತಿರುಗಲು ಅಡ್ಡವೆಂದು ಮುಂದೆ ಹೇಳುವಂತಾಗಬಾರದೆಂದು ಅದನ್ನು ಈಗಲೇ ನಕ್ಷೆಯಲ್ಲಿ ನೋಡಿಕೊಂಡು ಗೇಟಿನ ಜಾಗ ಗೊತ್ತುಮಾಡಿದ್ದೇವೆ.

4. ಕಟ್ಟಡದ ಆಸ್ತಿ ತೆರಿಗೆ, ವಿದ್ಯುತ್ ಬಿಲ್, ವಿಮೆ, ದುರಸ್ತಿ ಎಲ್ಲವೂ ನಿಮ್ಮದು. ಖಾತೆ ನನ್ನ ಹೆಸರಿನಲ್ಲಿ ಇರುವುದರಿಂದ ಪ್ರತಿ ವರ್ಷ ತೆರಿಗೆ ರಸೀದಿಯ ಪ್ರತಿಯನ್ನು ನನಗೆ ಮುಟ್ಟಿಸತಕ್ಕದ್ದು. ತೆರಿಗೆ ನೀವು ಕಟ್ಟಿದ ಮಾತ್ರಕ್ಕೆ ನೆಲದ ಮೇಲೆ ಹಕ್ಕು ಹುಟ್ಟುವುದಿಲ್ಲ. ಖಾತೆ ನನ್ನದಾದ ಮಾತ್ರಕ್ಕೆ ಅವಧಿಯೊಳಗೆ ಕಟ್ಟಡ ನನ್ನದಾಗುವುದಿಲ್ಲ.

5. ಕಟ್ಟಡ ಮತ್ತು ಗುತ್ತಿಗೆ ಹಕ್ಕಿನ ಮೇಲೆ ನೀವು ಬ್ಯಾಂಕ್ ಸಾಲ ಪಡೆಯಬಹುದು, ನೆಲದ ಮೇಲಲ್ಲ. ಸಾಲದ ಕೊನೆಯ ಕಂತು 2049ರ ಡಿಸೆಂಬರ್ ದಾಟಬಾರದು. ಒಳಬಾಡಿಗೆಗೆ ಕೊಡಲು ನನ್ನ ಲಿಖಿತ ಒಪ್ಪಿಗೆ ಬೇಕು.

6. ಅವಧಿ ಮುಗಿದಾಗ ಕಟ್ಟಡದ ವಿಷಯ. ಆ ದಿನ ಈ ಪತ್ರವನ್ನು ಬಿಚ್ಚಿ ಓದುವವರು ನಾವಿಬ್ಬರೇ ಆಗಿರುತ್ತೇವೆಂಬ ಭರವಸೆ ಇಲ್ಲ. ನನ್ನ ಮಗಳು ಅಥವಾ ನಿಮ್ಮ ಮಕ್ಕಳು ಓದಿದರೂ ಅರ್ಥವಾಗಲೆಂದು ಇದನ್ನು ಬಿಡಿಸಿ ಬರೆದಿದ್ದೇವೆ. ಬೇರೆ ಕರಾರು ಇಲ್ಲದಿದ್ದರೆ, ಗುತ್ತಿಗೆದಾರನು ತಾನು ನೆಲಕ್ಕೆ ಸೇರಿಸಿದ್ದನ್ನು ಸ್ವಾಧೀನದಲ್ಲಿರುವವರೆಗೆ ತೆಗೆದುಕೊಂಡು ಹೋಗಬಹುದು, ಜಾಗವನ್ನು ಮಾತ್ರ ಪಡೆದ ಸ್ಥಿತಿಯಲ್ಲಿ ಬಿಡಬೇಕು ಎಂದು 1882ರ ಆಸ್ತಿ ಹಸ್ತಾಂತರ ಕಾಯ್ದೆಯ 108ನೇ ಕಲಂ ಹೇಳುತ್ತದೆ. ನಮ್ಮ ಕರಾರು ಹೀಗಿದೆ:

(ಅ) ಕಟ್ಟಡ ನನಗೆ ಬೇಕಾದಲ್ಲಿ 2049ರ ಡಿಸೆಂಬರ್ 31ರೊಳಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕೊಡುತ್ತೇನೆ. ಆಗ ನೀವು ಅದನ್ನು ಕೆಡವುವಂತಿಲ್ಲ, ನಾನು ಬೆಲೆ ಕೊಡದೆ ಇರುವಂತಿಲ್ಲ.

(ಆ) ಬೆಲೆ ಕಟ್ಟುವ ಬಗೆ: ಅಂಥದೇ ಕಟ್ಟಡಕ್ಕೆ ಲೋಕೋಪಯೋಗಿ ಇಲಾಖೆಯ ಆಗಿನ ದರಪಟ್ಟಿಯಂತೆ ತಗಲುವ ವೆಚ್ಚದಿಂದ, ಕಟ್ಟಿ ತುಂಬಿದ ಪ್ರತಿ ಪೂರ್ಣ ವರ್ಷಕ್ಕೆ ಶೇ. 2.5ರಂತೆ ಸವಕಳಿ ಕಳೆದು, ಆಗಬೇಕಾದ ದುರಸ್ತಿಯ ಖರ್ಚನ್ನೂ ಕಳೆದು ಉಳಿದುದರ ಅರ್ಧ. ಉದಾಹರಣೆಗೆ ಹೊಸದಾಗಿ ಕಟ್ಟಲು 80 ಲಕ್ಷ ರೂಪಾಯಿ ಬೇಕಾಗುವುದಾದರೆ, 24 ವರ್ಷಕ್ಕೆ ಶೇ. 60 ಸವಕಳಿ ಹೋಗಿ 32 ಲಕ್ಷ. ದುರಸ್ತಿಗೆ 2 ಲಕ್ಷ ಕಳೆದರೆ 30 ಲಕ್ಷ. ನಾನು ಕೊಡತಕ್ಕದ್ದು 15 ಲಕ್ಷ. ಪೂರ್ತಿ ಕೊಡದೆ ಅರ್ಧ ಕೊಡಲು ಒಪ್ಪಿದ್ದಕ್ಕೆ ಕಾರಣ, ಈ ನೆಲಬಾಡಿಗೆಯನ್ನು ಅದಕ್ಕೆಂದೇ ಕಡಿಮೆ ಮಾಡಿದ್ದೇವೆ. ನೆಲದ ಬೆಲೆಯಾಗಲಿ ನಿಮ್ಮ ವ್ಯಾಪಾರದ ಹೆಸರಿನ ಬೆಲೆಯಾಗಲಿ ಈ ಲೆಕ್ಕದಲ್ಲಿ ಸೇರುವುದಿಲ್ಲ. ಲೆಕ್ಕ ಹಾಕಲು ಇಬ್ಬರೂ ಒಪ್ಪಿದ ಒಬ್ಬ ನೋಂದಾಯಿತ ಮೌಲ್ಯಮಾಪಕರನ್ನು ನೇಮಿಸಿ, ಅವರ ಶುಲ್ಕವನ್ನು ಸಮನಾಗಿ ಭರಿಸುವುದು.

(ಇ) ಹಣ ಕೈಗೆ ಬಂದ ದಿನವೇ ಕೀಲಿಕೈ ಕೊಡತಕ್ಕದ್ದು. ಹಣ ಬರುವವರೆಗೆ ನೀವು ಕಟ್ಟಡವನ್ನು ಇಟ್ಟುಕೊಳ್ಳಬಹುದು. ಆ ದಿನಗಳಿಗೆ ಬಾಡಿಗೆ ಇಲ್ಲ.

(ಈ) ನಾನು ನೋಟಿಸ್ ಕೊಡದೆ ಸುಮ್ಮನಿದ್ದರೆ ಕಟ್ಟಡ ನಿಮ್ಮದು, ಕೆಡವಿ ಸಾಮಾನು ಒಯ್ಯಬಹುದು. ಇದಕ್ಕೆ 2051ರ ಮಾರ್ಚ್ 31ರವರೆಗೆ ಕಾಲಾವಕಾಶ. ಆ 90 ದಿನಗಳಿಗೆ ಕೊನೆಯ ಬಾಡಿಗೆಯ ದರದಲ್ಲಿ ಹಣ ಕೊಡತಕ್ಕದ್ದು. ಪಾಯದ ಗುಂಡಿಗಳನ್ನು ಮುರಂ ತುಂಬಿ ಸಮ ಮಾಡಿಕೊಡತಕ್ಕದ್ದು. ಆ ತಾರೀಖು ದಾಟಿದ ಮೇಲೆ ಜಾಗದಲ್ಲಿ ಉಳಿದದ್ದು ಬೆಲೆಯಿಲ್ಲದೆ ನನ್ನ ಪಾಲು.

(ಉ) ನಾನು ಕಟ್ಟಡ ಇಟ್ಟುಕೊಂಡರೂ ನಿಮ್ಮದಾಗಿಯೇ ಉಳಿಯುವ ವಸ್ತುಗಳಿವೆ: ತೊಗರಿ ಸ್ವಚ್ಛ ಮಾಡುವ ಯಂತ್ರ, ರ‍್ಯಾಕ್, ಫ್ಯಾನ್, ಕಚೇರಿ ಪೀಠೋಪಕರಣ. ವೇ ಬ್ರಿಡ್ಜಿನ ಉಕ್ಕಿನ ತಟ್ಟೆ, ಲೋಡ್ ಸೆಲ್ ಮತ್ತು ತೂಕದ ಪರದೆ ನಿಮ್ಮದು. ಕೆಳಗಿನ ಕಾಂಕ್ರೀಟ್ ಗುಂಡಿ ಕಟ್ಟಡದ ಲೆಕ್ಕ. ತಟ್ಟೆ ಎತ್ತಿದ ದಿನವೇ ಗುಂಡಿಗೆ ಹಲಗೆ ಮುಚ್ಚತಕ್ಕದ್ದು. ನೆಲಕ್ಕೆ ಹಾಸಿದ ಶಹಾಬಾದಿ ಕಲ್ಲು, ಬಾಗಿಲು, ಶಟರ್, ಕಂಪೌಂಡ್ ಗೋಡೆ ಮತ್ತು ಕೊಳವೆಬಾವಿ ಕಟ್ಟಡದ ಜೊತೆಗೇ ಇರತಕ್ಕವು. ಪಂಪು ಮಾತ್ರ ನಿಮ್ಮದು.

7. ಸತತ ಮೂರು ತಿಂಗಳು ಬಾಡಿಗೆ ಬಾಕಿಯಾದರೆ, ಅಥವಾ ಮೇಲಿನ ಷರತ್ತನ್ನು ಮುರಿದು, ಲಿಖಿತ ನೋಟಿಸ್ ಕೊಟ್ಟ 60 ದಿನಗಳಲ್ಲಿ ಸರಿಪಡಿಸದಿದ್ದರೆ, ಗುತ್ತಿಗೆಯನ್ನು ರದ್ದುಪಡಿಸುವ ಹಕ್ಕು ನನಗಿದೆ. ಆಗಲೂ ಕಟ್ಟಡ ಬಿಟ್ಟಿಯಾಗಿ ನನಗೆ ಸೇರುವುದಿಲ್ಲ. ಆರನೇ ಷರತ್ತಿನ ಅರ್ಧದ ಬದಲು ಕಾಲುಭಾಗ ಕೊಡುತ್ತೇನೆ, ಬಾಕಿಯನ್ನು ಅದರಲ್ಲಿ ಕಳೆದುಕೊಳ್ಳುತ್ತೇನೆ. ಸರ್ಕಾರ ಜಾಗವನ್ನು ಭೂಸ್ವಾಧೀನ ಮಾಡಿಕೊಂಡರೆ ನೆಲದ ಪರಿಹಾರ ನನಗೆ, ಕಟ್ಟಡದ ಪರಿಹಾರ ನಿಮಗೆ.

8. ಅವಧಿಯ ನಂತರ ನನ್ನ ಖಾತೆಗೆ ಹಣ ಬಂದು ಬಿದ್ದರೂ ಅದು ಮೇಲೆ ಹೇಳಿದ ದಿನಗಳ ಬಾಬ್ತು ಅಥವಾ ನಷ್ಟಭರ್ತಿ ಮಾತ್ರ. ಕಾಯ್ದೆಯ 116ನೇ ಕಲಮಿನಂತೆ ಗುತ್ತಿಗೆ ಮುಂದುವರಿಯಿತೆಂದು ಅದನ್ನು ಅರ್ಥೈಸತಕ್ಕದ್ದಲ್ಲ.

9. ಈ ಪತ್ರ ಇಬ್ಬರ ವಾರಸುದಾರರಿಗೂ ಅನ್ವಯಿಸುತ್ತದೆ. ನಾನು ನೆಲವನ್ನು ಮಾರಿದರೂ ಖರೀದಿದಾರರು ಇದಕ್ಕೆ ಬದ್ಧರು. ಮುದ್ರಾಂಕ ಮತ್ತು ನೋಂದಣಿ ಶುಲ್ಕ ನಿಮ್ಮದು. ತಕರಾರು ಬಂದಲ್ಲಿ ಕಲಬುರಗಿಯ ಸಿವಿಲ್ ನ್ಯಾಯಾಲಯ.

ಷೆಡ್ಯೂಲ್: ಕಲಬುರಗಿ ನಗರ, ಹುಮನಾಬಾದ್ ರಸ್ತೆ, ಕೃಷಿಯೇತರ ವಾಣಿಜ್ಯ ಬಳಕೆಗೆ ಪರಿವರ್ತನೆಯಾದ ನಿವೇಶನ ಸಂಖ್ಯೆ 14, ಪೂರ್ವ-ಪಶ್ಚಿಮ 60 ಅಡಿ, ಉತ್ತರ-ದಕ್ಷಿಣ 100 ಅಡಿ, ಒಟ್ಟು 6,000 ಚದರ ಅಡಿ. ಚೆಕ್ಕುಬಂದಿ: ಪೂರ್ವಕ್ಕೆ ನಿವೇಶನ 15, ಪಶ್ಚಿಮಕ್ಕೆ ನಿವೇಶನ 13, ಉತ್ತರಕ್ಕೆ ಖಾಸಗಿ ಜಮೀನು, ದಕ್ಷಿಣಕ್ಕೆ 40 ಅಡಿ ರಸ್ತೆ.

ಓದಿಸಿ ಕೇಳಿ, ಸರಿಯೆಂದು ಒಪ್ಪಿ ಸಾಕ್ಷಿಗಳ ಸಮಕ್ಷಮ ಇಬ್ಬರೂ ಸಹಿ ಮಾಡಿದ್ದೇವೆ.

ಗುತ್ತಿಗೆ ಕೊಟ್ಟವರು: (ಸಹಿ) ಮಹಾದೇವಿ
ಗುತ್ತಿಗೆ ಪಡೆದವರು: (ಸಹಿ) ಅಬ್ದುಲ್ ರಹೀಮ್
ಸಾಕ್ಷಿಗಳು: (ಸಹಿ) ಮಲ್ಲಿಕಾರ್ಜುನ ತಂದೆ ಗುಂಡಪ್ಪ, (ಸಹಿ) ಖಾಜಾ ಮೈನುದ್ದೀನ್ ತಂದೆ ಚಾಂದ್‌ಸಾಬ್
ಬಿಕ್ಕಲಂ: (ಸಹಿ) ನಾಗೇಂದ್ರಪ್ಪ ತಂದೆ ಭೀಮರಾಯ, ಪತ್ರ ಬರಹಗಾರರು, ಕಲಬುರಗಿ