ಪಾಸ್ ಮಾರ್ಕ್ 0.70 ಇಂದ 0.85ಕ್ಕೆ ಯಾಕೆ ಏರಿಸಿದೆವು

ಎಲ್ಲರಿಗೂ ನಮಸ್ಕಾರ,

ಸೋಮವಾರದಿಂದ, ರೈತರ ಪ್ರಶ್ನೆಗೆ ನಮ್ಮ ಬಾಟ್ ಕೊಡುವ ಉತ್ತರಕ್ಕೆ ಅಂಕ ಹಾಕುವ ಆಟೊ ಇವ್ಯಾಲ್ಯುಯೇಟರ್‌ನ ಪಾಸ್ ಮಾರ್ಕ್ 0.85 ಆಗಿದೆ. ಡ್ಯಾಶ್‌ಬೋರ್ಡ್‌ನಲ್ಲಿ ಪಾಸ್ ರೇಟ್ ಒಮ್ಮೆಲೇ ಕೆಳಗೆ ಬಿದ್ದದ್ದು ನೋಡಿ ಹಲವರು ಮೆಸೇಜ್ ಹಾಕಿದ್ದೀರಿ. ಮಾಡೆಲ್ ಕೆಟ್ಟಿಲ್ಲ. ಹೋದ ವಾರ ಇದ್ದದ್ದೇ ಈ ವಾರವೂ ಇದೆ. ಅಳೆಯುವ ಗೆರೆಯನ್ನು ನಾವೇ ಮೇಲೆ ಎತ್ತಿದ್ದೇವೆ. ಯಾಕೆ ಅನ್ನೋದು ಎಲ್ಲರಿಗೂ ಗೊತ್ತಿರಲಿ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ಒಂದು ಉತ್ತರದಿಂದ ಶುರು ಮಾಡೋಣ. ತಿಕೋಟಾ ಕಡೆಯ ರೈತರೊಬ್ಬರು ದ್ರಾಕ್ಷಿಗೆ ಶೇಕಡಾ 1ರ ಬೋರ್ಡೊ ದ್ರಾವಣ ಹೇಗೆ ಮಾಡೋದು ಅಂತ ಕೇಳಿದ್ದರು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು, ಇದು ನಮಗೆಲ್ಲ ಗೊತ್ತಿರುವ ಲೆಕ್ಕ. ನಮ್ಮ ಬಾಟ್ ಕೊಟ್ಟ ಉತ್ತರದಲ್ಲಿ ನೀರು 10 ಲೀಟರ್ ಅಂತ ಇತ್ತು. ಉಳಿದದ್ದೆಲ್ಲ ಚೆನ್ನಾಗಿತ್ತು: ಮೈಲುತುತ್ತು, ಸುಣ್ಣ ಬೇರೆ ಬೇರೆ ಕರಗಿಸಿ, ಲೋಹದ ಪಾತ್ರೆ ಬೇಡ, ಮಾಡಿದ ದಿನವೇ ಹೊಡೆಯಿರಿ, ಎಲ್ಲ ಸರಿ. ನಮ್ಮ ಇವ್ಯಾಲ್ಯುಯೇಟರ್, ಅಂದರೆ ಜಡ್ಜ್ ಮಾಡೆಲ್, ಕೊಟ್ಟ ಅಂಕ 0.80. ಪಾಸ್. ಆ ಪ್ರಮಾಣದಲ್ಲಿ ಹೊಡೆದಿದ್ದರೆ ಎಳೆ ಚಿಗುರು ಸುಟ್ಟೇ ಹೋಗುತ್ತಿತ್ತು. ರಿವ್ಯೂ ಮಾಡುತ್ತಿದ್ದವರ ಕಣ್ಣಿಗೆ ಬಿದ್ದದ್ದರಿಂದ ಅದು ರೈತರಿಗೆ ಹೋಗುವ ಮುಂಚೆ ನಿಂತಿತು.

0.80 ಹೇಗೆ ಬಂತು ನೋಡಿ. ಜಡ್ಜ್ ನಾಲ್ಕು ವಿಷಯಕ್ಕೆ ಅಂಕ ಕೊಟ್ಟು ಸರಾಸರಿ ತೆಗೆಯುತ್ತದೆ. ಭಾಷೆಗೆ 1.0, ಪ್ರಶ್ನೆಗೆ ತಕ್ಕ ಉತ್ತರವಾ ಅನ್ನೋದಕ್ಕೆ 0.9, ಪೂರ್ತಿ ಇದೆಯಾ ಅನ್ನೋದಕ್ಕೆ 0.9, ಮಾಹಿತಿ ಸರಿ ಇದೆಯಾ ಅನ್ನೋದಕ್ಕೆ 0.4. ಕೂಡಿದರೆ 3.2, ನಾಲ್ಕರಿಂದ ಭಾಗಿಸಿದರೆ 0.80. ಅಂದರೆ ಮಾಹಿತಿ ತಪ್ಪಿರಬಹುದು ಅಂತ ಜಡ್ಜ್‌ಗೂ ಅನುಮಾನ ಬಂದಿತ್ತು, ಆದರೆ ಚಂದದ ಕನ್ನಡ ಆ ಅನುಮಾನವನ್ನು ಮುಚ್ಚಿಬಿಟ್ಟಿತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಲೆಕ್ಕ ಹಾಕಿ. ಮಾಹಿತಿಗೆ ಸೊನ್ನೆ, ಉಳಿದ ಮೂರಕ್ಕೂ ಪೂರ್ತಿ ಅಂಕ ಅಂದರೂ 0.75 ಆಗುತ್ತದೆ. 0.70 ಗೆರೆಯ ಮೇಲೆ ಪೂರಾ ತಪ್ಪು ಉತ್ತರವೂ ಪಾಸ್ ಆಗಬಹುದು. ಇಂಥ ಗೆರೆ ಇಟ್ಟುಕೊಂಡು ರೈತರಿಗೆ ನೇರವಾಗಿ ಉತ್ತರ ಕಳಿಸೋದು ನನ್ನ ಪ್ರಕಾರ ಸರಿಯಲ್ಲ.

ಒಂದೇ ಉದಾಹರಣೆ ಹಿಡಿದು ಗೆರೆ ಬದಲಿಸಿಲ್ಲ. 300 ಉತ್ತರಗಳನ್ನು ತೆಗೆದು, ನಮ್ಮ ಕೃಷಿ ಪದವೀಧರರೊಬ್ಬರು ಮತ್ತು ಒಬ್ಬ ಫೀಲ್ಡ್ ಕೋಆರ್ಡಿನೇಟರ್, ಇಬ್ಬರೂ ಜಡ್ಜ್‌ನ ಅಂಕ ನೋಡದೆ ಬೇರೆ ಬೇರೆಯಾಗಿ ಓದಿದರು. ಇಬ್ಬರಿಗೂ ಒಮ್ಮತ ಆಗದ ಕಡೆ ಕೂತು ಮಾತಾಡಿ ತೀರ್ಮಾನ ಮಾಡಿದರು. ಆ 300ರಲ್ಲಿ 0.70 ದಾಟಿದ್ದು 216. ಅದರಲ್ಲಿ ನಮ್ಮವರು ತಪ್ಪು ಅಂದದ್ದು 47, ಅಂದರೆ ಪಾಸಾದ ಐದರಲ್ಲಿ ಒಂದಕ್ಕಿಂತ ಜಾಸ್ತಿ. ಮುಖ್ಯ ಸಂಗತಿ ಏನಂದರೆ, ಈ 47ರಲ್ಲಿ 39 ಉತ್ತರ 0.70 ಮತ್ತು 0.85ರ ನಡುವೆಯೇ ಸಿಕ್ಕವು. 0.85 ದಾಟಿದ 126ರಲ್ಲಿ ತಪ್ಪು 8 ಮಾತ್ರ.

ಆ ನಡುವಿನ 90 ಉತ್ತರಗಳನ್ನು ನಾನೂ ಪೂರ್ತಿ ಓದಿದೆ. ಅಲ್ಲಿ ಎರಡು ಥರದ ತಪ್ಪು ಮತ್ತೆ ಮತ್ತೆ ಕಂಡಿತು. ಒಂದು, ಅಳತೆ. ಬಾಗಲಕೋಟೆಯ ದಾಳಿಂಬೆ ಬೆಳೆಗಾರರು 20 ಗುಂಟೆಗೆ ಗೊಬ್ಬರ ಎಷ್ಟು ಅಂತ ಕೇಳಿದರೆ, ಬಾಟ್ ಗುಂಟೆಯನ್ನು ಸೆಂಟ್ಸ್ ಅಂತ ತಿಳಿದು ಎಕರೆಗೆ 100ರ ಲೆಕ್ಕ ಹಾಕಿದೆ. ಎಕರೆಗೆ 40 ಗುಂಟೆ, 20 ಗುಂಟೆ ಅಂದರೆ ಅರ್ಧ ಎಕರೆ. ಬಾಟ್ ಐದರಲ್ಲಿ ಒಂದು ಭಾಗ ಅಂತ ಹೇಳಿಬಿಟ್ಟಿದೆ. ಇನ್ನೊಂದು, ನಮ್ಮ ಮಾತು. "ದ್ರಾಕ್ಷಿ ಎಲಿ ಮ್ಯಾಲ ಬೂದಿ ಬಿದ್ದಂಗ ಆಗೇತ್ರಿ, ಏನ್ ಹೊಡಿಬೇಕ್ರಿ?" ಅಂತ ಒಬ್ಬರು ಕೇಳಿದ್ದಾರೆ. ಇದು ಬೂದಿ ರೋಗ, ನಮ್ಮಲ್ಲಿ ಯಾವ ಬೆಳೆಗಾರರನ್ನು ಕೇಳಿದರೂ ಹೇಳುತ್ತಾರೆ. ಬಾಟ್ ಮಾತ್ರ ಒಲೆ ಬೂದಿಯನ್ನು ಗೊಬ್ಬರವಾಗಿ ಹಾಕುವುದರ ಬಗ್ಗೆ ನೀಟಾಗಿ ಮೂರು ಪ್ಯಾರಾ ಬರೆದಿದೆ. ಜಡ್ಜ್ ಕೂಡ ಬೂದಿ ಅಂದರೆ ಬೂದಿ ಅಂತಲೇ ಓದಿಕೊಂಡು 0.75 ಕೊಟ್ಟಿದೆ. ಉತ್ತರ ಬರೆಯುವ ಮಾಡೆಲ್ಲೂ ಅಂಕ ಕೊಡುವ ಮಾಡೆಲ್ಲೂ ಒಂದೇ ಕುಟುಂಬದವು, ಹಾಗಾಗಿ ಒಂದಕ್ಕೆ ಕಾಣದ್ದು ಎಷ್ಟೋ ಸಲ ಇನ್ನೊಂದಕ್ಕೂ ಕಾಣುವುದಿಲ್ಲ. ಇಂಥ ಕಡೆ ಜಡ್ಜ್‌ನ ಮೇಲೆ ಪೂರ್ತಿ ಭಾರ ಹಾಕೋಕೆ ಆಗಲ್ಲ.

ಇದರ ಬೆಲೆಯನ್ನೂ ಹೇಳಬೇಕು. ಆ 90ರಲ್ಲಿ 51 ಉತ್ತರ ಸರಿಯಾಗಿಯೇ ಇದ್ದವು, ಹೊಸ ಗೆರೆಯಲ್ಲಿ ಅವೂ ನಿಲ್ಲುತ್ತವೆ. ನಿಂತದ್ದೆಲ್ಲ ತಜ್ಞರ ಸರದಿಗೆ ಹೋಗುತ್ತದೆ, ಅಲ್ಲಿ ಕೆಲಸ ಜಾಸ್ತಿ ಆಗುತ್ತದೆ, ರೈತರು ಕೆಲವು ಗಂಟೆ ಕಾಯಬೇಕಾಗುತ್ತದೆ. ರಿವ್ಯೂ ತಂಡದವರ ಆತಂಕ ನನಗೆ ಅರ್ಥವಾಗುತ್ತದೆ, ಅದಕ್ಕೇ ಇನ್ನೊಬ್ಬರನ್ನು ಅರ್ಧ ದಿನದ ಮಟ್ಟಿಗೆ ಆ ಕೆಲಸಕ್ಕೆ ಹಾಕಿದ್ದೇವೆ. ಆದರೆ ತಡವಾದ ಸರಿ ಉತ್ತರ ಮತ್ತು ತಕ್ಷಣದ ತಪ್ಪು ಉತ್ತರ, ಎರಡರಲ್ಲಿ ಯಾವುದು ಬೇಕು ಅಂತ ಔಷಧಿಗೆ ಸಾಲ ಮಾಡಿದವರನ್ನು ಕೇಳಿ ನೋಡಿ. ಅಕ್ಟೋಬರ್ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಸವರುವ ಕೆಲಸ, ಶುರುವಾದರೆ ದ್ರಾಕ್ಷಿ ಪ್ರಶ್ನೆಗಳು ಸುರಿಯುತ್ತವೆ. ಅದಕ್ಕೆ ಮುಂಚೆಯೇ ಇದನ್ನು ಮಾಡಬೇಕಿತ್ತು.

ಹಾಗಾದರೆ 0.90 ಯಾಕಲ್ಲ ಅಂತ ಮೀಟಿಂಗ್‌ನಲ್ಲಿ ಕೇಳಿದ್ದಿರಿ. ಅದನ್ನೂ ನೋಡಿದೆವು. 0.85ರಿಂದ 0.90ಕ್ಕೆ ಹೋದರೆ ಇನ್ನು 3 ತಪ್ಪು ನಿಲ್ಲುತ್ತವೆ, ಜೊತೆಗೆ 63 ಸರಿ ಉತ್ತರಗಳೂ ನಿಲ್ಲುತ್ತವೆ. ಅಷ್ಟು ಕೊಟ್ಟು ಇಷ್ಟು ಪಡೆಯೋದು ಬೇಡ.

0.85 ದಾಟಿಯೂ ಉಳಿದ ಆ 8 ತಪ್ಪುಗಳಲ್ಲಿ 5 ಅಂಕಿಗಳದ್ದು: ಪ್ರಮಾಣ, ವಿಸ್ತೀರ್ಣ, ದಿನ. ಇವನ್ನು ಗೆರೆ ಎತ್ತಿ ಹಿಡಿಯೋಕೆ ಆಗಲ್ಲ. ಅದಕ್ಕೆ ಅಂಕಿ ಇರುವ ಉತ್ತರಗಳನ್ನು ನಮ್ಮ ಪ್ರಮಾಣದ ಪಟ್ಟಿಯ ಜೊತೆ ಕೋಡ್‌ನಲ್ಲೇ ತಾಳೆ ನೋಡುತ್ತೇವೆ, ಪಟ್ಟಿಯಲ್ಲಿ ಇಲ್ಲದ್ದು ನೇರ ತಜ್ಞರ ಕಡೆಗೆ. ಮಾಹಿತಿಯ ಅಂಕಕ್ಕೂ ಒಂದು ಕನಿಷ್ಠ ಇಟ್ಟಿದ್ದೇವೆ, ಸರಾಸರಿ ಎಷ್ಟೇ ಚೆನ್ನಾಗಿರಲಿ. ಈಗ ಕಾನ್ಫಿಗ್ ಹೀಗಿದೆ:

```yaml
pass_threshold: 0.85
min_correctness: 0.60
number_check: required
```

ಜಡ್ಜ್‌ನ ಪ್ರಾಂಪ್ಟ್ ಸದ್ಯ ಮುಟ್ಟಿಲ್ಲ, ಮುಟ್ಟಬೇಡಿ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಆಮೇಲೆ ಗೊತ್ತಾಗಲ್ಲ.

ಉತ್ತರದ ಟೆಂಪ್ಲೇಟ್ ಬರೆಯುವವರಿಗೆ ಒಂದು ವಿನಂತಿ. ಹೊಸ ಗೆರೆ ದಾಟಿಸೋಕೆ ಅಂತ ಉತ್ತರ ಉದ್ದ ಮಾಡಬೇಡಿ. ಇಂಥ ಜಡ್ಜ್ ಮಾಡೆಲ್‌ಗಳು ಉದ್ದ ಉತ್ತರಕ್ಕೆ ಸುಮ್ನೆ ಜಾಸ್ತಿ ಅಂಕ ಕೊಡುತ್ತವೆ, ಇದು ಗೊತ್ತಿರುವ ದೋಷ. ಅಂಕ ಏರುತ್ತದೆ, ಹೊಲದಲ್ಲಿ ನಿಂತು ಫೋನ್ ಕಿವಿಗೆ ಹಿಡಿದು ಕೇಳುವವರಿಗೆ ಅದರಿಂದ ಏನೂ ಸಿಗಲ್ಲ.

ಹಳೇ ರಿಪೋರ್ಟ್‌ನ ಶೇಕಡಾ 72ರ ಪಾಸ್ ರೇಟ್ ಮತ್ತು ಹೊಸದರ ಅಂಕಿಯನ್ನು ಪಕ್ಕಪಕ್ಕ ಇಡಬೇಡಿ, ಅದರಲ್ಲೂ ಹೊರಗಿನವರಿಗೆ ತೋರಿಸುವಾಗ. ಹಳೇ ಉತ್ತರಗಳ ಅಂಕ ನಮ್ಮಲ್ಲಿ ಸೇವ್ ಆಗಿದೆ. ಅವನ್ನೂ 0.85ರಲ್ಲಿ ಎಣಿಸಿ ಡ್ಯಾಶ್‌ಬೋರ್ಡ್ ಗುರುವಾರದೊಳಗೆ ಸರಿ ಮಾಡುತ್ತೇವೆ. ಅಲ್ಲಿವರೆಗೆ ಯಾರಾದರೂ ಕೇಳಿದರೆ ಈ ನೋಟ್ ಕಳಿಸಿ.

ಚಾಟ್ನಿ ಹಂಗಾಮು ಮುಗಿದ ಮೇಲೆ ಮತ್ತೆ ಹೊಸ 300 ಉತ್ತರ ಓದಿಸುತ್ತೇವೆ. ಸರಿ ಉತ್ತರಗಳು ತೀರಾ ಜಾಸ್ತಿ ನಿಲ್ಲುತ್ತಿವೆ ಅಂತ ಕಂಡರೆ ಗೆರೆ ಇಳಿಸೋಕೂ ನಾನು ಸಿದ್ಧ. ಅದಕ್ಕೆ ನಿಮ್ಮಿಂದ ಒಂದು ಕೆಲಸ ಆಗಬೇಕು. ಸರಿ ಉತ್ತರ ಫೇಲ್ ಆದದ್ದು ಕಂಡರೆ `wrong_fail`, ತಪ್ಪು ಉತ್ತರ ಪಾಸ್ ಆದದ್ದು ಕಂಡರೆ `wrong_pass` ಅಂತ ಟ್ಯಾಗ್ ಹಾಕಿ, ಯಾಕೆ ಅಂತ ಒಂದು ಸಾಲು ಬರೆಯಿರಿ. ಫೀಲ್ಡ್‌ನಲ್ಲಿ ಇರುವವರು ವಾಯ್ಸ್ ನೋಟ್ ಕಳಿಸಿದರೂ ಸಾಕು, ಟ್ಯಾಗ್ ನಾವು ಹಾಕಿಕೊಳ್ಳುತ್ತೇವೆ. ಈ ಗೆರೆ ಬೇಡ ಅನ್ನುವವರು ಶುಕ್ರವಾರ ಸಂಜೆ 4ರ ಮೀಟಿಂಗ್‌ಗೆ ಉದಾಹರಣೆ ಹಿಡಿದುಕೊಂಡು ಬನ್ನಿ, ಕೂತು ಒಂದೊಂದಾಗಿ ನೋಡೋಣ.