ಪ್ರವಾಹದ ಫೋಟೊ ಏಕೆ ಬಳಸುತ್ತಿಲ್ಲ

ನಮಸ್ಕಾರ,

ಮಂಗಳವಾರ ನೀವು ಕಳಿಸಿದ ಪ್ರವಾಹದ ಫೋಟೊವನ್ನು ನಾವು ಬಳಸುತ್ತಿಲ್ಲ. ಮೊದಲು ನೋಡಿದಾಗ ಮುಖಪುಟಕ್ಕೇ ಹಾಕಬೇಕು ಅನ್ನಿಸಿತ್ತು. ಹಾಗಾಗಿ ಸುಮ್ನೆ 'ಬೇಡ' ಎನ್ನದೆ ಕಾರಣ ಬರೆಯುತ್ತಿದ್ದೇನೆ.

ದೋಣಿಯ ಎಡಗಡೆಯ ನೀರನ್ನು ದೊಡ್ಡದು ಮಾಡಿ ನೋಡಿ. ಒಂದೇ ಅಲೆ, ಅದರ ಮೇಲೆ ತೇಲುವ ಕಡ್ಡಿಯ ಸಮೇತ, ಮೂರು ಕಡೆ ಇದೆ. ನೀರು ಹಾಗೆ ನಕಲು ಹೊಡೆಯುವುದಿಲ್ಲ, ಅಲ್ವಾ? ಅಲ್ಲಿ ಏನನ್ನೋ ಕ್ಲೋನ್ ಟೂಲ್‌ನಿಂದ ಮುಚ್ಚಿದಂತಿದೆ. ಇನ್ನು ಬೆಳಕು. ಕೂತಿರುವ ಮೂವರ ಮುಖಕ್ಕೆ ಬಿಸಿಲು ಬಲದಿಂದ ಬಿದ್ದಿದೆ, ನಿಂತಿರುವ ಹುಡುಗನಿಗೆ ಮಾತ್ರ ಎಡದಿಂದ. ನೀರಿನಲ್ಲಿ ಉಳಿದವರ ಪ್ರತಿಬಿಂಬ ಇದೆ, ಅವನದು ಇಲ್ಲ.

ಮೆಟಾಡೇಟಾದಲ್ಲಿ `DateTimeOriginal` ಕೂಡ ಇಲ್ಲ. ಇದೊಂದೇ ಆಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮೆಸೇಜ್ ಆ್ಯಪ್‌ನಲ್ಲಿ ಕಳಿಸಿದರೂ ಅದು ಅಳಿಸಿಹೋಗುವುದುಂಟು. ಆದರೆ `Software` ಜಾಗದಲ್ಲಿ ಎಡಿಟಿಂಗ್ ಆ್ಯಪ್‌ನ ಹೆಸರು ಉಳಿದಿದೆ.

ಕ್ರಾಪ್ ಮಾಡಿ, ಬೆಳಕು ಸ್ವಲ್ಪ ಹೆಚ್ಚು ಕಡಿಮೆ ಮಾಡಿ, ತೊಂದರೆಯಿಲ್ಲ. ಸುದ್ದಿಯ ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ.

ನಾವು ತಪ್ಪಾಗಿ ನೋಡಿರಲೂಬಹುದು. ಶುಕ್ರವಾರದೊಳಗೆ ಮೂಲ ರಾ ಫೈಲ್ ಮತ್ತು ಅದರ ಹಿಂದೆ ಮುಂದೆ ತೆಗೆದ ನಾಲ್ಕೈದು ಫ್ರೇಮ್ ಕಳಿಸಿ, ಮತ್ತೆ ಪರಿಶೀಲಿಸುತ್ತೇನೆ. ಫೋಟೊ ಬೇರೆಯವರಿಂದ ಬಂದಿದ್ದರೆ ಅದನ್ನೂ ಹೇಳಿಬಿಡಿ. ಅಲ್ಲಿಯವರೆಗೆ ನಿಮ್ಮ ಹೊಸ ಚಿತ್ರಗಳನ್ನು ತಡೆಹಿಡಿದಿರುತ್ತೇವೆ.

ಇಂತಿ,
ಫೋಟೊ ಸಂಪಾದಕಿ