ಕಬ್ಬಿನಿಂದ ಸಕ್ಕರೆಯವರೆಗೆ: ತರಬೇತಿ ತಂತ್ರಜ್ಞರಿಗೆ ಪ್ರಕ್ರಿಯೆಯ ವಿವರಣೆ

ನಮ್ಮ ಕಾರ್ಖಾನೆ ಹಂಗಾಮಿನಲ್ಲಿ ದಿನಕ್ಕೆ 5,000 ಟನ್ ಕಬ್ಬು ನುರಿಸುತ್ತದೆ. ಸಕ್ಕರೆಯನ್ನು ಕಬ್ಬು ಹೊಲದಲ್ಲೇ ಮಾಡಿ ಮುಗಿಸಿರುತ್ತದೆ. ಅದನ್ನು ಕಳೆದುಕೊಳ್ಳದೆ ಚೀಲಕ್ಕೆ ಮುಟ್ಟಿಸುವುದಷ್ಟೇ ನಮ್ಮ ಪಾಲಿನದು. ಆದ್ದರಿಂದ ಯಾವ ವಿಭಾಗಕ್ಕೆ ಹೋದರೂ ಇಲ್ಲಿ ಸಕ್ಕರೆ ಹೇಗೆ ಹಾಳಾಗಬಹುದು ಎಂದು ಮೊದಲು ಕೇಳಿ.

ನುರಿಸುವುದು

ಕಡಿದ ಕಬ್ಬು 24 ಗಂಟೆಯೊಳಗೆ ಗಿರಣಿಗೆ ಬಿದ್ದರೆ ಒಳ್ಳೆಯದು. ತಡವಾದಷ್ಟೂ ಸುಕ್ರೋಸ್ ಒಡೆಯುತ್ತದೆ, ಬ್ಯಾಕ್ಟೀರಿಯಾ ಡೆಕ್ಸ್ಟ್ರಾನ್ ಎಂಬ ಅಂಟು ಹುಟ್ಟಿಸುತ್ತವೆ. ಆ ಅಂಟಿನ ಕಾಟ ಹರಳುಗಟ್ಟಿಸುವ ಪ್ಯಾನಿನವರೆಗೂ ಬಿಡುವುದಿಲ್ಲ.

ಕ್ಯಾರಿಯರ್ ಮೇಲೆ ಬಂದ ಕಬ್ಬನ್ನು ಚಾಪರ್ ತುಂಡರಿಸುತ್ತದೆ, ಫೈಬ್ರೈಸರ್ ನಾರುನಾರಾಗಿ ಸೀಳುತ್ತದೆ. ಬಳಿಕ ಸಾಲಾಗಿ ಐದು ಗಿರಣಿ. ಕೊನೆಯ ಗಿರಣಿಗೆ ಹೋಗುವ ಸಿಪ್ಪೆಯ ಮೇಲೆ ಬಿಸಿನೀರು ಸುರಿಯುತ್ತೇವೆ, ಇದು ಇಂಬಿಬಿಷನ್. ಅಲ್ಲಿ ಹೊರಬಂದ ತೆಳು ರಸವನ್ನು ಹಿಂದಿನ ಗಿರಣಿಗೆ, ಅದರದನ್ನು ಅದರ ಹಿಂದಿನದಕ್ಕೆ ಕೊಡುತ್ತೇವೆ. ಸಿಪ್ಪೆ ಮುಂದಕ್ಕೆ, ರಸ ಹಿಂದಕ್ಕೆ.

100 ಟನ್ ಕಬ್ಬಿಗೆ ಸುಮಾರು 30 ಟನ್ ಸಿಪ್ಪೆ ಬೀಳುತ್ತದೆ. ಅದರ ತೇವ ಶೇ 50ರ ಆಸುಪಾಸು, ಪೋಲ್, ಅಂದರೆ ಅದರಲ್ಲಿ ಉಳಿದ ಸಕ್ಕರೆ, ಶೇ 2ರ ಆಸುಪಾಸು ಇರಬೇಕು. ಪೋಲ್ 2ರಿಂದ 2.5ಕ್ಕೆ ಏರಿದರೆ ದಿನಕ್ಕೆ 7.5 ಟನ್, ಅಂದರೆ 50 ಕಿಲೋದ 150 ಚೀಲ ಸಕ್ಕರೆ ಬಾಯ್ಲರ್‌ನಲ್ಲಿ ಉರಿದುಹೋದಂತೆ.

ರಸ ಶುದ್ಧೀಕರಣ

ಗಿರಣಿಯಿಂದ ಬಂದ ಮಿಶ್ರ ರಸ ಕಂದು ಬಣ್ಣದ್ದು, ಮಣ್ಣು-ಮೇಣ ಕೂಡಿದ್ದು, pH 5.3ರ ಸುತ್ತ ಇರುವ ಹುಳಿ ರಸ. ಹುಳಿಯೂ ಬಿಸಿಯೂ ಸೇರಿದರೆ ಸುಕ್ರೋಸ್ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಇದೇ ಇನ್ವರ್ಷನ್, ಒಡೆದದ್ದು ಮತ್ತೆ ಕೂಡುವುದಿಲ್ಲ.

ರಸವನ್ನು ತೂಗಿ, 70-75 ಡಿಗ್ರಿಗೆ ಕಾಯಿಸಿ, ಸುಣ್ಣದ ಹಾಲನ್ನೂ ಗಂಧಕ ಉರಿಸಿದ ಅನಿಲವನ್ನೂ ಒಟ್ಟಿಗೆ ಬಿಡುತ್ತೇವೆ, ಇದು ಸಲ್ಫಿಟೇಷನ್. ಹೊರಬರುವ ರಸದ pH 7.0-7.1 ಇರಬೇಕು. ಇಳಿದರೆ ಇನ್ವರ್ಷನ್. ಏರಿದರೆ ಗ್ಲೂಕೋಸ್, ಫ್ರಕ್ಟೋಸ್ ಕೆಟ್ಟು ರಸ ಕಪ್ಪಾಗುತ್ತದೆ, ಮುಂದೆ ರಸ ಕುದಿಸುವ ಪಾತ್ರೆಯಾದ ಬಾಡಿಯ ಕೊಳವೆಗಳಲ್ಲಿ ಸುಣ್ಣದ ಹೆಕ್ಕಳೆ ಕಟ್ಟುತ್ತದೆ. ಇಡೀ ಕಾರ್ಖಾನೆಯಲ್ಲಿ ಇಷ್ಟು ಸಣ್ಣ ಅಳತೆಗೆ ಇಷ್ಟು ದೊಡ್ಡ ಬೆಲೆ ಬೇರೆಲ್ಲೂ ಇಲ್ಲ ಎಂಬುದು ನನ್ನ ನಂಬಿಕೆ. ಮೀಟರ್ ಇದ್ದರೂ ಕಾಗದ ಅದ್ದಿ ತಾಳೆ ನೋಡಿ. ಗಂಧಕದ ಅನಿಲ ಉಸಿರುಗಟ್ಟಿಸುತ್ತದೆ. ಮಾಸ್ಕ್ ಇಲ್ಲದೆ ಒಲೆಯ ಬಳಿ ನಿಲ್ಲಬೇಡಿ.

ಮತ್ತೆ 102-105 ಡಿಗ್ರಿಗೆ ಕಾಯಿಸಿದ ರಸ ಕ್ಲಾರಿಫೈಯರ್‌ನಲ್ಲಿ ಎರಡು-ಮೂರು ಗಂಟೆ ತಂಗುತ್ತದೆ. ಕೆಸರು ತಳಕ್ಕೆ ಕೂರುತ್ತದೆ, ತಿಳಿ ರಸ ಮೇಲಿನಿಂದ ಹೊರಡುತ್ತದೆ. ಕೆಸರಿಗೆ ಸಣ್ಣ ಸಿಪ್ಪೆಪುಡಿ ಬೆರೆಸಿ ವ್ಯಾಕ್ಯೂಮ್ ಫಿಲ್ಟರ್‌ನಲ್ಲಿ ತೊಳೆಯುತ್ತೇವೆ. ಉಳಿದ ಪ್ರೆಸ್‌ಮಡ್ ಹೊಲಕ್ಕೆ ಗೊಬ್ಬರ.

ಆವೀಕರಣ

ತಿಳಿ ರಸ 15 ಬ್ರಿಕ್ಸ್, ಅಂದರೆ ತೂಕದಲ್ಲಿ ಶೇ 15 ಕರಗಿದ ಘನ; ಬೇಕಾದ ಸಿರಪ್ 60 ಬ್ರಿಕ್ಸ್. ಅಂದರೆ 100 ಟನ್ ರಸದಿಂದ 75 ಟನ್ ನೀರು ಹೋಗಬೇಕು. ಮೊದಲ ಬಾಡಿಗೆ ಮಾತ್ರ ಟರ್ಬೈನಿನ ಎಕ್ಸಾಸ್ಟ್ ಉಗಿ. ಅಲ್ಲಿ ರಸದಿಂದ ಎದ್ದ ಆವಿಯೇ ಎರಡನೆಯದನ್ನು ಕಾಯಿಸುತ್ತದೆ, ಹೀಗೆ ಐದರವರೆಗೆ. ಕೊನೆಯ ಬಾಡಿ ನಿರ್ವಾತದಲ್ಲಿರುವುದರಿಂದ ರಸ 60 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಮಟ್ಟ ಏರಿದರೆ ರಸ ಆವಿಯ ಜೊತೆ ಹಾರಿಹೋಗುತ್ತದೆ. ಕಂಡೆನ್ಸೇಟ್‌ನಲ್ಲಿ ಸಕ್ಕರೆ ಕಂಡರೆ ಆ ನೀರನ್ನು ತಕ್ಷಣ ಬಾಯ್ಲರ್‌ನಿಂದ ತಪ್ಪಿಸಿ.

ಹರಳುಗಟ್ಟಿಸುವುದು

ಸಿರಪ್‌ಗೆ ಮತ್ತೊಮ್ಮೆ ಗಂಧಕದ ಅನಿಲ ಕೊಟ್ಟು ವ್ಯಾಕ್ಯೂಮ್ ಪ್ಯಾನಿಗೆ ಎಳೆಯುತ್ತೇವೆ. ಇಲ್ಲಿ ಅನುಭವದ ಕೈಗೆ ಬೆಲೆ ಹೆಚ್ಚು. ಅಡುಗೆಮನೆಯಲ್ಲಿ ಎಳೆಪಾಕ ನೋಡುವಂತೆ ಪ್ಯಾನ್‌ಮನ್ ಮಾದರಿಯನ್ನು ಬೆರಳ ನಡುವೆ ಎಳೆದು, ಗಾಜಿನ ಮೇಲೆ ಹರಡಿ ನೋಡುತ್ತಾರೆ. ಪಾಕ ತೆಳುವಾದರೆ ಬೀಜದ ಹರಳು ಕರಗುತ್ತದೆ. ಹದವಾಗಿದ್ದರೆ ಇದ್ದ ಹರಳೇ ಬೆಳೆಯುತ್ತದೆ. ಗಟ್ಟಿಯಾದರೆ ಬೇಡದ ಪುಡಿ ಹರಳು ಏಳುತ್ತದೆ. ಈ ಫಾಲ್ಸ್ ಗ್ರೇನ್, ತಿರುಗಿಸಿ ಹರಳನ್ನೂ ಕಾಕಂಬಿಯನ್ನೂ ಬೇರ್ಪಡಿಸುವ ಸೆಂಟ್ರಿಫ್ಯೂಗಲ್ ಯಂತ್ರದ ಜಾಲರಿಯನ್ನು ಕಟ್ಟಿಸುತ್ತದೆ, ಇಲ್ಲವೆ ನುಸುಳಿ ಕಾಕಂಬಿ ಸೇರುತ್ತದೆ. ಕಂಡ ಕೂಡಲೇ ಬಿಸಿನೀರು ಕೊಟ್ಟು ಕರಗಿಸಿ.

ಹರಳೂ ಪಾಕವೂ ಕೂಡಿದ ರಾಶಿ ಮ್ಯಾಸಿಕ್ಯೂಟ್. ಮೊದಲ ಸುತ್ತಿನದು ಎ ಮ್ಯಾಸಿಕ್ಯೂಟ್, ಅದನ್ನು ಸೆಂಟ್ರಿಫ್ಯೂಗಲ್‌ನಲ್ಲಿ ತಿರುಗಿಸಿದರೆ ಮಾರುಕಟ್ಟೆಯ ಸಕ್ಕರೆ. ಅದರ ಕಾಕಂಬಿಯಿಂದ ಬಿ, ಬಿಯದರಿಂದ ಸಿ. ಬಿ ಸಕ್ಕರೆ ಎ ಪ್ಯಾನಿಗೆ ಬೀಜ. ಸಿ ಸಕ್ಕರೆಯನ್ನು ಕರಗಿಸಿ ಹಿಂದಕ್ಕೆ ಕಳಿಸುತ್ತೇವೆ. ಸಿ ಮ್ಯಾಸಿಕ್ಯೂಟ್‌ಗೆ ಆತುರ ಸಲ್ಲದು: ಕ್ರಿಸ್ಟಲೈಸರ್‌ನಲ್ಲಿ ನಿಧಾನ ಕಲಕುತ್ತಾ 40 ಡಿಗ್ರಿಯ ಹತ್ತಿರಕ್ಕೆ ತಣಿಸಿದರೆ ಉಳಿದ ಸಕ್ಕರೆಯೂ ಹರಳಿಗೆ ಹತ್ತುತ್ತದೆ. ಕೊನೆಯ ಕಾಕಂಬಿಯ ಪ್ಯೂರಿಟಿ, ಅಂದರೆ ಕರಗಿದ ಘನದಲ್ಲಿ ಸಕ್ಕರೆಯ ಶೇಕಡಾ ಪಾಲು, 30ರ ಸುತ್ತ ನಿಲ್ಲಬೇಕು. ಅದು ಡಿಸ್ಟಿಲರಿಗೆ ಹೋಗುತ್ತದೆ. ಎ ಸಕ್ಕರೆ ಹಾಪರ್‌ನಲ್ಲಿ ಒಣಗಿ, ಜರಡಿಯಲ್ಲಿ ಹರಳಿನ ಗಾತ್ರದಂತೆ ಎಲ್, ಎಂ, ಎಸ್ ಎಂದು ಬೇರೆಯಾಗಿ ಚೀಲ ಸೇರುತ್ತದೆ.

ಮೊದಲ ವಾರ ಎಲ್ಲರೂ ಸಲ್ಫಿಟೇಷನ್ ವಿಭಾಗದಲ್ಲಿ ಇರುತ್ತೀರಿ. ಪ್ರತಿ ಅರ್ಧ ಗಂಟೆಗೆ pH ಬರೆದು, ಪಾಳಿ ಮುಗಿಯುವ ಮುನ್ನ ಶಿಫ್ಟ್ ಕೆಮಿಸ್ಟರ ಸಹಿ ಪಡೆಯಿರಿ.